ಬಾಟಲಿ ಕೊಳ್ಳುವ ಮೊದಲು ಮುಚ್ಚಳ ಬಿಚ್ಚಿ ನೋಡಿ

(ಏಳು ಮತ್ತು ಎಂಟನೇ ತರಗತಿಯ ಮಕ್ಕಳಿಗಾಗಿ ವಿಜ್ಞಾನ ಶಿಕ್ಷಕಿಯೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಮಕ್ಕಳೇ, ಈ ಮೇಜಿನ ಮೇಲೆ ಮೂರು ಬಾಟಲಿಗಳಿವೆ: ಸ್ಟೀಲಿನದೊಂದು, ಗಾಜಿನದೊಂದು, ಪ್ಲಾಸ್ಟಿಕ್ಕಿನದೊಂದು. ಮೂರರಲ್ಲೂ 750 ಮಿಲಿಲೀಟರ್ ನೀರು ಹಿಡಿಯುತ್ತದೆ. ಪಕ್ಕದಲ್ಲಿ ಅಡುಗೆಮನೆಯ ತೂಕದ ಯಂತ್ರ ಇದೆ. ಯಾವ ಬಾಟಲಿ ಒಳ್ಳೆಯದು ಎಂದು ಕೇಳಿದರೆ ನಿಮ್ಮಲ್ಲಿ ಹೆಚ್ಚಿನವರು ಸ್ಟೀಲ್ ಅನ್ನುತ್ತೀರಿ, ಮನೆಯಲ್ಲಿ ಹಾಗೆ ಹೇಳಿರುತ್ತಾರೆ. ಅದು ತಪ್ಪಲ್ಲ. ಆದರೆ ಈಗ ಮೂರರ ಮುಚ್ಚಳವನ್ನೂ ಬಿಚ್ಚಿ ಸಾಲಾಗಿ ಇಡುತ್ತೇನೆ, ನೋಡಿ. ಮೂರೂ ಮುಚ್ಚಳ ಪ್ಲಾಸ್ಟಿಕ್ಕಿನವೇ. ಮೂರರ ಒಳಗೂ ಒಂದು ರಬ್ಬರ್ ರಿಂಗ್ ಇದೆ. ಸ್ಟೀಲ್ ಬಾಟಲಿಯ ಮುಚ್ಚಳಕ್ಕೆ ಮೇಲೆ ಸ್ಟೀಲ್ ತಗಡು ಹೊದಿಸಿದ್ದಾರೆ ಅಷ್ಟೆ, ನೀರು ತಾಗುವ ಒಳಭಾಗ ಪ್ಲಾಸ್ಟಿಕ್.

ಇಷ್ಟು ಕಂಡರೆ ನಾವು ಕೇಳಬೇಕಾದ ಪ್ರಶ್ನೆಯೇ ಬೇರೆಯಾಗುತ್ತದೆ. ಬಾಟಲಿಯ ಮೈ ಯಾವುದರಿಂದ ಮಾಡಿದ್ದು ಎನ್ನುವುದರ ಮೇಲೆ ತೂಕ, ಬಿಸಿ, ವಾಸನೆ, ಒಡೆಯುವುದು ಇವೆಲ್ಲ ನಿಂತಿವೆ. ನೀರು ಕೆಡುತ್ತದೋ ಇಲ್ಲವೋ ಎನ್ನುವುದು ಬಹುಮಟ್ಟಿಗೆ ಬಾಯಿ ಮತ್ತು ಮುಚ್ಚಳದ ಮೇಲೆ ನಿಂತಿದೆ. ಮೊದಲು ಮೈಯನ್ನು ನೋಡೋಣ, ಆಮೇಲೆ ಮುಚ್ಚಳಕ್ಕೆ ಬರೋಣ. ಮುಚ್ಚಳಕ್ಕೆ ಹೆಚ್ಚು ಹೊತ್ತು ಬೇಕು.

ತೂಕದಿಂದ ಶುರು ಮಾಡುತ್ತೇನೆ, ಯಾಕೆಂದರೆ ಹೊರುವವರು ನೀವು. ಖಾಲಿ ಪ್ಲಾಸ್ಟಿಕ್ ಬಾಟಲಿ 110 ಗ್ರಾಂ. ಒಂದೇ ಪದರದ ಸ್ಟೀಲ್ ಬಾಟಲಿ 220 ಗ್ರಾಂ. ಗಾಜಿನದು ಅದರ ರಬ್ಬರ್ ಕವಚ ಸೇರಿ 480 ಗ್ರಾಂ. ನೀರು ತುಂಬಿದಾಗ ಎಲ್ಲಕ್ಕೂ 750 ಗ್ರಾಂ ಸೇರುತ್ತದೆ. ಅಂದರೆ 860, 970 ಮತ್ತು 1,230 ಗ್ರಾಂ. ಸ್ಟೀಲಿಗೂ ಪ್ಲಾಸ್ಟಿಕ್ಕಿಗೂ ಇರುವ ವ್ಯತ್ಯಾಸ 110 ಗ್ರಾಂ, ಅದು ಬೆನ್ನಿಗೆ ಗೊತ್ತೇ ಆಗುವುದಿಲ್ಲ. ಗಾಜಿಗೂ ಪ್ಲಾಸ್ಟಿಕ್ಕಿಗೂ 370 ಗ್ರಾಂ, ಅಂದರೆ ಸುಮಾರು ಒಂದು 200 ಪುಟದ ಲಾಂಗ್ ನೋಟ್‌ಬುಕ್‌ನಷ್ಟು.

ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಬ್ಯಾಗಿನ ತೂಕ ಮಗುವಿನ ತೂಕದ ಶೇಕಡಾ 10ನ್ನು ಮೀರಬಾರದು. ನಿಮ್ಮ ತೂಕ 35 ಕಿಲೋ ಇದ್ದರೆ ಬ್ಯಾಗಿಗೆ ಸಿಗುವುದು ಮೂರೂವರೆ ಕಿಲೋ. ಗಾಜಿನ ಬಾಟಲಿಯೊಂದೇ ಅದರ ಮೂರನೇ ಒಂದು ಪಾಲು ತಿನ್ನುತ್ತದೆ. ಇಲ್ಲಿ ಇನ್ನೊಂದು ಲೆಕ್ಕವೂ ಇದೆ. ಶಾಲೆಯಲ್ಲಿ ಶುದ್ಧ ನೀರಿನ ನಲ್ಲಿ ಇದ್ದರೆ 500 ಮಿಲಿಲೀಟರ್ ಬಾಟಲಿ ತಂದು ಮಧ್ಯಾಹ್ನ ಒಮ್ಮೆ ತುಂಬಿಸಿಕೊಳ್ಳಬಹುದು. ಆಗ ನೀರಿನಲ್ಲೇ 250 ಗ್ರಾಂ ಇಳಿಯುತ್ತದೆ. ಸ್ಟೀಲ್ ಬಿಟ್ಟು ಪ್ಲಾಸ್ಟಿಕ್ ಹಿಡಿದರೆ ಉಳಿಯುವುದು ಅದರ ಅರ್ಧಕ್ಕಿಂತ ಕಡಿಮೆ. ತೂಕ ಇಳಿಸಬೇಕೆಂದರೆ ವಸ್ತು ಬದಲಿಸುವುದಕ್ಕಿಂತ ಅಳತೆ ಬದಲಿಸುವುದು ಮೇಲು.

ಈಗ ಗಾಜು. ನೀರಿನ ರುಚಿಯನ್ನು ಸ್ವಲ್ಪವೂ ಬದಲಿಸದ ವಸ್ತು ಬೇಕೆಂದರೆ ಗಾಜಿಗೆ ಸಾಟಿಯಿಲ್ಲ. ನಿನ್ನೆ ಮಜ್ಜಿಗೆ ಹಾಕಿ ತೊಳೆದಿದ್ದರೂ ಇವತ್ತು ಅದರಲ್ಲಿ ಮಜ್ಜಿಗೆಯ ವಾಸನೆ ಇರುವುದಿಲ್ಲ. ಒಳಗೆ ಕೊಳೆ ಇದ್ದರೆ ಹೊರಗಿನಿಂದಲೇ ಕಾಣುತ್ತದೆ, ಇದು ಸಣ್ಣ ಗುಣವಲ್ಲ. ತೊಂದರೆ ಎರಡು. ಒಂದು, ಬಿದ್ದರೆ ಒಡೆಯುತ್ತದೆ. ರಬ್ಬರ್ ಕವಚ ಇದ್ದರೆ ಚೂರು ಚೆಲ್ಲಾಪಿಲ್ಲಿ ಆಗುವುದು ಕಡಿಮೆ, ಆದರೆ ಕವಚದೊಳಗೆ ಬಿರುಕು ಕಾಣದೆ ಉಳಿದುಬಿಡುತ್ತದೆ. ಬಿದ್ದ ಗಾಜಿನ ಬಾಟಲಿಯ ಕವಚ ತೆಗೆದು, ಬೆಳಕಿಗೆ ಹಿಡಿದು, ತಿರುಗಿಸಿ ನೋಡಬೇಕು. ಬಾಯಿಯ ಅಂಚಿನಲ್ಲಿ ಒಂದು ಚಕ್ಕೆ ಎದ್ದಿದ್ದರೂ ಅದನ್ನು ಮತ್ತೆ ಬಳಸುವಂತಿಲ್ಲ.

ಎರಡನೆಯದು ಬಿಸಿ. ಸಾಮಾನ್ಯ ಗಾಜಿನ ಬಾಟಲಿಗೆ ಕುದಿಯುವ ನೀರು ಸುರಿದರೆ ಒಳಮೈ ಬಿಸಿಯಾಗಿ ಹಿಗ್ಗುತ್ತದೆ, ಹೊರಮೈ ಇನ್ನೂ ತಣ್ಣಗಿರುತ್ತದೆ. ಆ ಎಳೆದಾಟದಲ್ಲಿ ಅದು ಸೀಳುತ್ತದೆ. ನಮ್ಮ ಪ್ರಯೋಗಾಲಯದ ಬೀಕರ್‌ಗಳು ಬೊರೊಸಿಲಿಕೇಟ್ ಗಾಜಿನವು. ಅವು ಬಿಸಿಗೆ ಹಿಗ್ಗುವುದು ಸಾಮಾನ್ಯ ಗಾಜಿನ ಸುಮಾರು ಮೂರನೇ ಒಂದು ಪಾಲು ಮಾತ್ರ, ಅದಕ್ಕೇ ಅವನ್ನು ಬರ್ನರ್ ಮೇಲೆ ಇಡುತ್ತೇವೆ. ಬಾಟಲಿ ಕೊಳ್ಳುವಾಗ ಬೊರೊಸಿಲಿಕೇಟ್ ಎಂದು ಬರೆದಿದೆಯೇ ನೋಡಿ. ಬಿಸಿಯನ್ನು ತಡೆಯುತ್ತದೆ ಎಂದ ಮಾತ್ರಕ್ಕೆ ಅದು ಬಿದ್ದರೂ ಒಡೆಯುವುದಿಲ್ಲ ಎಂದಲ್ಲ, ಈ ಎರಡನ್ನು ಬೆರೆಸಬೇಡಿ. ಓಡಾಡುವ, ಮೆಟ್ಟಿಲು ಹತ್ತಿಳಿಯುವ, ಬ್ಯಾಗನ್ನು ಬೆಂಚಿನ ಮೇಲೆ ಎಸೆಯುವ ವಯಸ್ಸಿಗೆ ಗಾಜು ಬೇಡ ಎಂಬುದು ನನ್ನ ಅಭಿಪ್ರಾಯ. ಮನೆಯಲ್ಲಿ ಓದುವ ಮೇಜಿನ ಮೇಲೆ ಇರಲಿ, ಅಲ್ಲಿ ಅದು ಬಹಳ ಒಳ್ಳೆಯ ಬಾಟಲಿ.

ಪ್ಲಾಸ್ಟಿಕ್ ಅನ್ನುವುದು ಒಂದೇ ವಸ್ತುವಲ್ಲ. ನಿಮ್ಮ ಬಾಟಲಿಯ ತಳ ತಿರುಗಿಸಿ ನೋಡಿ, ಮೂರು ಬಾಣದ ತ್ರಿಕೋನ, ಅದರೊಳಗೆ ಒಂದು ಅಂಕೆ ಇರುತ್ತದೆ. ಶಾಲೆಗೆ ತರುವ ಬಾಟಲಿಗಳಲ್ಲಿ ಸಾಮಾನ್ಯವಾಗಿ ಸಿಗುವುದು 1, 5 ಮತ್ತು 7. ಒಂದು ಎಂದರೆ ಪೆಟ್, ಅಂಗಡಿಯಲ್ಲಿ ನೀರು ತುಂಬಿ ಮಾರುವ ತೆಳು ಬಾಟಲಿ. ಐದು ಎಂದರೆ ಪಾಲಿಪ್ರೊಪಿಲೀನ್, ಸ್ವಲ್ಪ ಮಸುಕಾಗಿ, ಒತ್ತಿದರೆ ಬಗ್ಗುವಂತೆ ಇರುತ್ತದೆ. ಏಳು ಎಂದರೆ 'ಇತರೆ', ಅದರಲ್ಲಿ ಹಲವು ಬಗೆಗಳಿವೆ. ಹಳೆಯ ಗಟ್ಟಿ ಪಾರದರ್ಶಕ ಬಾಟಲಿಗಳಲ್ಲಿ ಬಳಸುತ್ತಿದ್ದ ಪಾಲಿಕಾರ್ಬನೇಟ್ ಕೂಡ ಅದರಲ್ಲೇ ಬರುತ್ತದೆ. ಅದರ ತಯಾರಿಕೆಯಲ್ಲಿ ಬಿಸ್ಫಿನಾಲ್-ಎ, ಅಂದರೆ ಬಿಪಿಎ, ಎಂಬ ರಾಸಾಯನಿಕ ಬಳಸುತ್ತಾರೆ. ಭಾರತದಲ್ಲಿ ಹಸುಗೂಸುಗಳ ಹಾಲಿನ ಬಾಟಲಿಗೆ ಅದನ್ನು ನಿಷೇಧಿಸಲಾಗಿದೆ. ಏಳು ಎಂದಿದ್ದು, ಜೊತೆಗೆ 'ಬಿಪಿಎ ಇಲ್ಲ' ಎಂದು ಬರೆದಿಲ್ಲದಿದ್ದರೆ ಅಂಥದ್ದನ್ನು ಬಿಟ್ಟು ಐದನ್ನು ಆರಿಸಿ.

ಐದನ್ನು ಗುರುತಿಸಲು ಒಂದು ಸುಲಭ ಪರೀಕ್ಷೆ ಇದೆ. ಹಳೆಯ ಬಾಟಲಿಯಿಂದ ಕತ್ತರಿಸಿದ ಎರಡು ಚೂರು ಇಲ್ಲಿವೆ. ಈ ಗಾಜಿನ ಲೋಟದ ನೀರಿಗೆ ಹಾಕುತ್ತೇನೆ. ಒಂದು ತೇಲಿತು, ಒಂದು ಮುಳುಗಿತು. ತೇಲಿದ್ದು ಪಾಲಿಪ್ರೊಪಿಲೀನ್, ಅದು ನೀರಿಗಿಂತ ಹಗುರ. ಮುಳುಗಿದ್ದು ಪೆಟ್.

'ಮಿಸ್, ಅಂಗಡಿಯಲ್ಲಿ ತಗೊಂಡ ನೀರಿನ ಬಾಟಲಿಯನ್ನೇ ದಿನಾ ತುಂಬಿಸಿಕೊಂಡು ಬರಬಹುದಾ?'

ಒಳ್ಳೆಯ ಪ್ರಶ್ನೆ. ಊರಿಗೆ ಹೋಗುವಾಗ ಒಂದೆರಡು ಸಲ ತುಂಬಿಸಿಕೊಂಡರೆ ಏನೂ ಆಗುವುದಿಲ್ಲ. ದಿನದ ಬಳಕೆಗೆ ಅದು ಆಗದು, ಕಾರಣ ಹೇಳುತ್ತೇನೆ. ಅದರ ಬಾಯಿ ಎರಡೂವರೆ, ಮೂರು ಸೆಂಟಿಮೀಟರ್ ಮಾತ್ರ, ಬ್ರಷ್ ಸರಿಯಾಗಿ ಒಳಗೆ ಹೋಗುವುದಿಲ್ಲ. ಬಿಸಿ ನೀರಿನಲ್ಲಿ ತೊಳೆಯೋಣವೆಂದರೆ ಪೆಟ್ ಸುಮಾರು 70 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಮೆತ್ತಗಾಗಿ ಮುದುಡಿಕೊಳ್ಳುತ್ತದೆ. ಹಿಡಿದು ಹಿಡಿದು ಮೈ ಸುಕ್ಕಾಗುತ್ತದೆ, ಆ ಸುಕ್ಕುಗಳ ಒಳಗೆ ಕೊಳೆ ಕೂರುತ್ತದೆ. ಒಮ್ಮೆ ಬಳಸಲೆಂದು ಮಾಡಿದ ಬಾಟಲಿಯನ್ನು ತೊಳೆಯಲಿಕ್ಕಾಗಿ ಮಾಡಿಲ್ಲ, ಅದೇ ಅದರ ಕೊರತೆ.

ಪಾಲಿಪ್ರೊಪಿಲೀನ್ ಬಿಸಿ ನೀರಿನ ತೊಳೆತವನ್ನು ತಾಳುತ್ತದೆ, ಬಿದ್ದರೆ ಒಡೆಯುವುದಿಲ್ಲ, ಬೆಲೆಯೂ ಕಡಿಮೆ. ಅದರ ದೌರ್ಬಲ್ಯ ವಾಸನೆ ಮತ್ತು ಗೀರು. ಎಣ್ಣೆ ಅಂಶವಿರುವ ವಾಸನೆಯನ್ನು ಅದು ಹೀರಿಕೊಳ್ಳುತ್ತದೆ. ಚಿತ್ರಾನ್ನದ ಡಬ್ಬಿಯ ಪಕ್ಕ ಸೋರಿಕೊಂಡು ಕೂತ ಬಾಟಲಿ ಎರಡು ದಿನ ಒಗ್ಗರಣೆಯ ವಾಸನೆ ಬೀರುವುದು ಇದಕ್ಕೇ. ತಂತಿ ನಾರಿನಿಂದ ಉಜ್ಜಿದರೆ ಒಳಗೆ ಗೀರು ಬೀಳುತ್ತದೆ, ಗೀರಿನೊಳಗೆ ಬ್ರಷ್ಷಿನ ಕೂದಲು ಹೋಗುವುದಿಲ್ಲ, ಆದರೆ ಸೂಕ್ಷ್ಮಜೀವಿ ಹೋಗುತ್ತದೆ. ಒಳಗೆ ಬೆರಳಾಡಿಸಿದಾಗ ಉಗುರಿಗೆ ಗೀರು ಸಿಕ್ಕಿದರೆ, ಅಥವಾ ತೊಳೆದು ಒಣಗಿಸಿದ ಮೇಲೂ ವಾಸನೆ ಇದ್ದರೆ ಆ ಬಾಟಲಿಯ ಕಾಲ ಮುಗಿಯಿತು ಎಂದು ಲೆಕ್ಕ.

ಸ್ಟೀಲಿನ ವಿಷಯಕ್ಕೆ ಬರೋಣ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವುದಕ್ಕೆ ಕಾರಣ ಅದರಲ್ಲಿರುವ ಕ್ರೋಮಿಯಂ. ಅದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆ ಕಟ್ಟುತ್ತದೆ. ಗೀರು ಬಿದ್ದರೆ ಪೊರೆ ಮತ್ತೆ ಕೂಡಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿಗೆ ಈ ಗುಣ ಇಲ್ಲ. ಬಾಟಲಿಯ ಮೇಲೆ 304 ಅಥವಾ 18/8 ಎಂದು ಕೆತ್ತಿದ್ದರೆ ಅದರಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕ್ಕಲ್ ಇದೆ ಎಂದರ್ಥ. 202 ಎಂಬ ಇನ್ನೊಂದು ಬಗೆಯಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಅದು ಅಗ್ಗ, ತುಕ್ಕನ್ನು ತಡೆಯುವುದರಲ್ಲಿ ಸ್ವಲ್ಪ ಹಿಂದೆ.

ಅಯಸ್ಕಾಂತ ಹಿಡಿದು ನೋಡಿದರೆ ಅಸಲಿ ಸ್ಟೀಲ್ ಗೊತ್ತಾಗುತ್ತದೆ ಎಂದು ಹಲವರು ಹೇಳುತ್ತಾರೆ. 304 ಆಗಲಿ 202 ಆಗಲಿ, ಎರಡೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಮೇಲಾಗಿ, 304ರ ತಗಡನ್ನು ಒತ್ತಿ ಬಾಟಲಿಯ ಆಕಾರ ಕೊಡುವಾಗ ಕಂಠ ಮತ್ತು ತಳದ ಬಳಿ ಅದು ಅಯಸ್ಕಾಂತಕ್ಕೆ ಸ್ವಲ್ಪ ಎಳೆಯಲೂಬಹುದು. ಆದ್ದರಿಂದ ಆ ಪರೀಕ್ಷೆಯನ್ನು ನಂಬಬೇಡಿ. ಐಎಸ್‌ಐ ಗುರುತು ನೋಡಿ. ಲೋಹದ ಸಾದಾ ನೀರಿನ ಬಾಟಲಿಗೆ ಐಎಸ್ 17803, ಬಿಸಿ-ತಂಪು ಕಾಯುವ ಬಾಟಲಿಗೆ ಐಎಸ್ 17526 ಎಂಬ ಸಂಖ್ಯೆ ಆ ಗುರುತಿನ ಮೇಲ್ಗಡೆ ಇರುತ್ತದೆ.

ಹೊಸ ಸ್ಟೀಲ್ ಬಾಟಲಿ ತಂದ ದಿನ ಒಂದು ಕೆಲಸ ಮಾಡಿ. ಬಿಳಿ ಬಟ್ಟೆಯ ತುಂಡಿಗೆ ಎರಡು ಹನಿ ಅಡುಗೆ ಎಣ್ಣೆ ಹಾಕಿ ಬಾಯಿಯ ಒಳಸುತ್ತನ್ನು ಉಜ್ಜಿ. ಬಟ್ಟೆ ಕಪ್ಪಾದರೆ ಅದು ಕಾರ್ಖಾನೆಯ ಪಾಲಿಷ್ ಪುಡಿ. ಬರೀ ನೀರಿಗೆ ಅದು ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಕಪ್ಪು ಬರುವುದು ನಿಲ್ಲುವವರೆಗೆ ಉಜ್ಜಿ, ಆಮೇಲೆ ಸೋಪು ಮತ್ತು ಬಿಸಿ ನೀರಿನಲ್ಲಿ ಎರಡು ಸಲ ತೊಳೆಯಿರಿ.

ಸ್ಟೀಲ್ ಕೆಡುವುದು ಮುಖ್ಯವಾಗಿ ಉಪ್ಪಿನಿಂದ ಮತ್ತು ಬ್ಲೀಚಿಂಗ್ ಪೌಡರಿನಿಂದ. ಎರಡರಲ್ಲೂ ಇರುವ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಚುಚ್ಚುತ್ತದೆ. ಉಪ್ಪು ಹಾಕಿದ ನಿಂಬೆ ಶರಬತ್ತನ್ನು ಬೆಳಗಿನಿಂದ ಸಂಜೆಯವರೆಗೆ ಇಟ್ಟರೆ ತೊಂದರೆ ಮೊದಲು ಬೆಸುಗೆಯ ಗೆರೆಯಲ್ಲಿ ಕಾಣುತ್ತದೆ, ಸಾಸಿವೆ ಕಾಳಿನಷ್ಟು ಕಿತ್ತಳೆ ಚುಕ್ಕೆಗಳಾಗಿ. ಆ ಚುಕ್ಕೆ ಉಜ್ಜಿದರೆ ಹೋಗಿ ಮತ್ತೆ ಬಾರದಿದ್ದರೆ ಅದು ಹೊರಗಿನ ಕಬ್ಬಿಣದ ಕಣ, ತಂತಿ ನಾರಿನ ಚೂರು ಅಂಟಿ ತುಕ್ಕು ಹಿಡಿದಿರುತ್ತದೆ. ಅದೇ ಜಾಗದಲ್ಲಿ ಮತ್ತೆ ಮತ್ತೆ ಬಂದು, ಬೆರಳಿಗೆ ಗುಳಿ ಸಿಕ್ಕರೆ ಬಾಟಲಿಯೇ ಕೆಟ್ಟಿದೆ.

ಸಾದಾ ಸ್ಟೀಲ್ ಬಾಟಲಿಗೆ ತಣ್ಣನೆಯ ನೀರು ತುಂಬಿದರೆ ಹೊರಮೈ ಬೇಗ ಬೆವರುತ್ತದೆ. ಪುಸ್ತಕದ ಜೊತೆ ಇಟ್ಟರೆ ಪುಸ್ತಕ ಒದ್ದೆ. ಅದನ್ನು ಬ್ಯಾಗಿನ ಪಕ್ಕದ ಜೇಬಿನಲ್ಲಿ ಇಡಿ. ಎರಡು ಪದರದ ಬಾಟಲಿ ಬೆವರುವುದಿಲ್ಲ, ಏಕೆಂದರೆ ಎರಡು ಗೋಡೆಗಳ ನಡುವಿನ ಗಾಳಿಯನ್ನು ತೆಗೆದಿರುತ್ತಾರೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಆದರೆ ಅದು ಭಾರ, 750ರ ಅಳತೆಯಲ್ಲಿ ಖಾಲಿಯೇ 380 ಗ್ರಾಂನಷ್ಟು ಬರುತ್ತದೆ. ಅದರ ನಿರ್ವಾತ ಹೋಗಿದೆಯೇ ಎಂದು ತಿಳಿಯಲು ಬಿಸಿ ನೀರು ತುಂಬಿ, ಮುಚ್ಚಿ, ಹತ್ತು ನಿಮಿಷ ಬಿಟ್ಟು ಹೊರಮೈಯನ್ನು ಮುಟ್ಟಿ ನೋಡಿ. ಬಿಸಿಯಾಗಿದ್ದರೆ ನಿರ್ವಾತ ಹೋಗಿದೆ. ಇಲ್ಲ, ಒಂದೇ ಕಡೆ ಬಿಸಿಯಾಗಿದ್ದರೆ, ಅಲ್ಲಿ ನೆಗ್ಗಿ ಒಳಗೋಡೆಗೆ ತಾಗಿದೆ. ಮುಚ್ಚಳದ ಸುತ್ತ ಬೆಚ್ಚಗಿರುವುದು ಸಹಜ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಯಾವ ಬಾಟಲಿಯನ್ನೂ ನೀರು ತುಂಬಿ ಫ್ರೀಜರಿನಲ್ಲಿ ಇಡಬೇಡಿ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಗಾಜು ಸೀಳುತ್ತದೆ, ಸ್ಟೀಲಿನ ತಳ ಉಬ್ಬಿ ಬಾಟಲಿ ನೆಟ್ಟಗೆ ನಿಲ್ಲುವುದಿಲ್ಲ.

ಇನ್ನು ಮುಚ್ಚಳ. ಈ ಮೂರು ಮುಚ್ಚಳಗಳಲ್ಲಿ ಒಂದನ್ನು ತೆಗೆದುಕೊಳ್ಳುತ್ತೇನೆ. ಇದು ಗುಂಡಿ ಒತ್ತಿದರೆ ತೆರೆದುಕೊಳ್ಳುವ, ಒಳಗೆ ಸ್ಟ್ರಾ ಇರುವ ಮುಚ್ಚಳ. ನಿಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಬಳಿ ಇಂಥದ್ದಿದೆ. ಇದರಲ್ಲಿ ಎಷ್ಟು ಭಾಗ ಇದೆ ಎಣಿಸೋಣ: ಹೊರಗಿನ ಟೊಪ್ಪಿ, ಸ್ಪ್ರಿಂಗ್, ಬಾಯಿಗೆ ಇಡುವ ರಬ್ಬರ್ ತುದಿ, ಕೆಳಗಿನ ಸ್ಟ್ರಾ, ಗಾಳಿ ಒಳಗೆ ಬಿಡುವ ಸಣ್ಣ ರಂಧ್ರ, ದೊಡ್ಡ ರಿಂಗ್. ಆರು. ಇದರಲ್ಲಿ ಬ್ರಷ್ ತಲುಪುವುದು ಎರಡಕ್ಕೋ ಮೂರಕ್ಕೋ. ಪಕ್ಕದ ಈ ಸಾದಾ ತಿರುಪಿನ ಮುಚ್ಚಳದಲ್ಲಿ ಎರಡೇ ಭಾಗ, ಮುಚ್ಚಳ ಮತ್ತು ರಿಂಗ್.

ಈಗ ಚಮಚದ ಹಿಡಿಯ ತುದಿಯಿಂದ ರಿಂಗನ್ನು ಎಬ್ಬಿಸುತ್ತೇನೆ. ಚಾಕು, ಸೇಫ್ಟಿ ಪಿನ್ ಬೇಡ, ರಿಂಗ್ ಕತ್ತರಿಸಿದರೆ ಬಾಟಲಿ ಸೋರುತ್ತದೆ. ಬಂತು. ಹತ್ತಿರ ಬಂದು ನೋಡಿ. ರಿಂಗಿನ ಹೊರಮುಖ ಬೆಳ್ಳಗೆ ಸ್ವಚ್ಛವಾಗಿದೆ. ಒಳಕ್ಕೆ ಒತ್ತಿಕೊಂಡಿದ್ದ ಮುಖದಲ್ಲಿ ಕಪ್ಪು ಚುಕ್ಕೆಗಳು, ಅದು ಬೂಷ್ಟು. ಮುಚ್ಚಳದ ಕಾಲುವೆಯಲ್ಲಿ ಬೆರಳಾಡಿಸಿದರೆ ಜಾರುತ್ತದೆ, ಅದು ಲೋಳೆ. ಬಾಟಲಿಯ ಒಳಮೈ ಮಾತ್ರ ಥಳಥಳ ಹೊಳೆಯುತ್ತಿದೆ. ನೀವು ಬಾಯಿ ಇಟ್ಟು ಕುಡಿದಾಗ ಎಂಜಲಿನ ಜೊತೆ ಬಾಯಿಯ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ. ಒಣಗಿದ ಜಾಗದಲ್ಲಿ ಅದು ಬೆಳೆಯುವುದಿಲ್ಲ. ರಿಂಗಿನ ಹಿಂದಿನ ಕಾಲುವೆ ಮಾತ್ರ ಒಣಗುವುದೇ ಇಲ್ಲ. ಅಲ್ಲಿ ಅದು ಅಂಟಿಕೊಂಡು ತನ್ನ ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತದೆ. ಆ ಪದರ ನೀರಿನಲ್ಲಿ ಕುಲುಕಿದರೆ ಹೋಗುವುದಿಲ್ಲ, ಉಜ್ಜಿದರೆ ಮಾತ್ರ ಹೋಗುತ್ತದೆ. ಈ ವಿಷಯದಲ್ಲಿ ಸ್ಟೀಲ್, ಗಾಜು, ಪ್ಲಾಸ್ಟಿಕ್ ಮೂರೂ ಒಂದೇ.

ಹಾಗಾಗಿ ದಿನವೂ ಸಂಜೆ ಶಾಲೆಯಿಂದ ಹೋದ ಕೂಡಲೇ ಉಳಿದ ನೀರನ್ನು ಗಿಡಕ್ಕೆ ಸುರಿದು, ಪಾತ್ರೆ ತೊಳೆಯುವ ಸೋಪು ಎರಡು ಹನಿ, ಬೆಚ್ಚಗಿನ ನೀರು ಅರ್ಧ ಬಾಟಲಿ ಹಾಕಿ ಉದ್ದ ಹಿಡಿಯ ಬ್ರಷ್ಷಿನಿಂದ ತಳ ಮತ್ತು ಭುಜದ ತಿರುವನ್ನು ಉಜ್ಜಿ. ಕಂಠದ ಹೊರಗಿನ ತಿರುಪಿನ ಗೆರೆಗಳನ್ನು ಮರೆಯಬೇಡಿ, ತುಟಿ ತಾಗುವುದು ಅಲ್ಲಿಗೇ. ರಿಂಗ್ ತೆಗೆದು ಉಜ್ಜುವುದು ವಾರಕ್ಕೆ ಎರಡು ಸಲವಾದರೂ ಆಗಬೇಕು. ಕಾಲುವೆಗೆ ಹಳೆಯ ಹಲ್ಲುಜ್ಜುವ ಬ್ರಷ್ ಸರಿಯಾಗಿ ಹೊಂದುತ್ತದೆ, ಆದರೆ ಅದನ್ನು ಈ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಿ. ತೊಳೆದ ಮೇಲೆ ಬಾಟಲಿಯನ್ನು ಬೋರಲಾಗಿ ಬಟ್ಟೆಯ ಮೇಲೆ ಒತ್ತಿ ಇಟ್ಟರೆ ಗಾಳಿ ಆಡುವುದಿಲ್ಲ, ಒಳಗೆ ರಾತ್ರಿಯಿಡೀ ಹಬೆ ನಿಲ್ಲುತ್ತದೆ. ಪಾತ್ರೆ ಬುಟ್ಟಿಯಲ್ಲಿ ಓರೆಯಾಗಿ ಇಡಿ. ಮುಚ್ಚಳವನ್ನು, ರಿಂಗನ್ನು ಬೇರೆ ಬೇರೆ ಇಡಿ, ಬೆಳಿಗ್ಗೆ ಸೇರಿಸಿ.

ವಾಸನೆ ಕೂತ ಬಾಟಲಿಗೆ ಒಂದು ಟೀ ಚಮಚ ಅಡುಗೆ ಸೋಡಾ, ಬೆಚ್ಚಗಿನ ನೀರು ತುಂಬಿ, ಮುಚ್ಚಳ ಹಾಕದೆ ರಾತ್ರಿಯಿಡೀ ಬಿಡಿ. ಬೋರ್‌ವೆಲ್ ನೀರಿನ ಊರುಗಳಲ್ಲಿ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಅದು ಕೊಳೆಯಲ್ಲ, ಗಡಸು ನೀರಿನ ಸುಣ್ಣ. ಸೋಪಿಗೆ ಅದು ಬಗ್ಗುವುದಿಲ್ಲ, ಹುಳಿಗೆ ಬಗ್ಗುತ್ತದೆ. ಒಂದು ನಿಂಬೆಹಣ್ಣಿನ ರಸವನ್ನು ಒಂದು ಲೋಟ ಬಿಸಿ ನೀರಿಗೆ ಹಿಂಡಿ ಅರ್ಧ ಗಂಟೆ ಬಿಟ್ಟು ಉಜ್ಜಿ, ಚೆನ್ನಾಗಿ ತೊಳೆಯಿರಿ. ಸೋಡಾ ಮತ್ತು ನಿಂಬೆಯನ್ನು ಒಟ್ಟಿಗೆ ಹಾಕಿ ಮುಚ್ಚಳ ಬಿಗಿಯಬಾರದು. ಇಂಗಾಲದ ಡೈಆಕ್ಸೈಡ್ ತುಂಬಿ ಮುಚ್ಚಳ ಸಿಡಿಯುತ್ತದೆ. ಗಾಜಿನ ಬಾಟಲಿಯಾದರೆ ಬಾಟಲಿಯೇ ಸಿಡಿಯಬಹುದು.

'ಮಿಸ್, ಹಾಗಾದರೆ ನಾನು ಯಾವುದು ತಗೊಳ್ಳಲಿ?' ಎಂದು ಮುಂದಿನ ಬೆಂಚಿನಿಂದ ಕೇಳುತ್ತಿದ್ದೀಯಲ್ಲ, ಹೇಳುತ್ತೇನೆ. ನೀನು ನಡೆದು ಬರುವವಳು, ನಮ್ಮ ಶಾಲೆಯಲ್ಲಿ ಫಿಲ್ಟರ್ ನೀರಿದೆ. ನಿನಗೆ 500 ಮಿಲಿಲೀಟರಿನ, ಒಂದೇ ಪದರದ, 304 ಸ್ಟೀಲಿನ ಬಾಟಲಿ ಸಾಕು. ಬಾಯಿ ಐದು ಸೆಂಟಿಮೀಟರಿನಷ್ಟು ಅಗಲ ಇರಲಿ, ಮುಚ್ಚಳ ಸಾದಾ ತಿರುಪಿನದಿರಲಿ. ಸ್ಟೀಲಿಗೆ ಈಗ ದುಡ್ಡು ಹೊಂದದಿದ್ದರೆ ಐದು ಅಂಕೆಯ ಪ್ಲಾಸ್ಟಿಕ್ ತಗೋ, ಅದೇ ಅಗಲದ ಬಾಯಿ, ಅದೇ ಬಗೆಯ ಮುಚ್ಚಳ. ಸ್ಟ್ರಾ ಮುಚ್ಚಳದ ದುಬಾರಿ ಸ್ಟೀಲ್ ಬಾಟಲಿಗಿಂತ ಇದನ್ನೇ ನಾನು ಮೇಲೆಂದು ಹೇಳುತ್ತೇನೆ. ಅಂಗಡಿಯಲ್ಲಿ ಮುಚ್ಚಳ ಬಿಚ್ಚಿ, ರಿಂಗ್ ಬೆರಳಿಗೆ ಬರುತ್ತದೆಯೇ ನೋಡು. ರಿಂಗ್ ಅಂಟಿಸಿಬಿಟ್ಟಿದ್ದರೆ ಅದನ್ನು ಅಲ್ಲೇ ಬಿಡು. ಬೇರೆ ರಿಂಗ್ ಬಿಡಿಯಾಗಿ ಸಿಗುತ್ತದೆಯೇ ಅಂತಲೂ ಕೇಳು, ಏಕೆಂದರೆ ಬಾಟಲಿಗಿಂತ ಮೊದಲು ಸವೆಯುವುದು ಅದು. ಸವೆದ ರಿಂಗ್ ಚಪ್ಪಟೆಯಾಗಿ, ಬಾಟಲಿಯನ್ನು ಅಡ್ಡ ಮಲಗಿಸಿದಾಗ ತಿರುಪಿನ ಗೆರೆಯಲ್ಲಿ ಹನಿ ಕಾಣಿಸಿಕೊಳ್ಳುತ್ತದೆ.

ನಾಳೆ ವಾಟರ್ ಬೆಲ್ ಹೊಡೆದಾಗ ನೀರು ಕುಡಿದ ಮೇಲೆ ಬಾಟಲಿಗಳನ್ನು ಬೆಂಚಿನ ಮೇಲೆ ಇಡಿ. ಪ್ರತಿ ಬೆಂಚಿಗೆ ಒಂದು ಚಮಚ ಕೊಡುತ್ತೇನೆ, ಎಲ್ಲರೂ ರಿಂಗ್ ತೆಗೆದು ಹಿಂದಿನ ಮುಖ ನೋಡೋಣ. ಬೂಷ್ಟು ಇದ್ದವರು ನಾಚಿಕೊಳ್ಳಬೇಕಾಗಿಲ್ಲ, ಆ ಜಾಗವನ್ನು ಯಾರೂ ತೋರಿಸಿರಲಿಲ್ಲ ಅಷ್ಟೆ. ಸಿಂಕಿನ ಹತ್ತಿರ ಸೋಪು, ನಾಲ್ಕು ಹಳೆಯ ಬ್ರಷ್ ಇಟ್ಟಿರುತ್ತೇನೆ. ಉಜ್ಜಿದ ಮೇಲೂ ಕಪ್ಪು ಚುಕ್ಕೆ ಹೋಗದಿದ್ದರೆ ಬೂಷ್ಟು ರಬ್ಬರಿನ ಒಳಕ್ಕೇ ಇಳಿದಿದೆ ಎಂದು ತಿಳಿದು, ರಿಂಗಿನ ಅಡ್ಡಳತೆಯನ್ನು ಸ್ಕೇಲಿನಲ್ಲಿ ಅಳೆದು ಬರೆದುಕೊಳ್ಳಿ. ಹೊಸ ರಿಂಗ್ ತರುವಾಗ ಅಂಗಡಿಯವರು ಕೇಳುವುದು ಅದನ್ನೇ.